'ಇಲ್ಲೆ' ಅಂದರೆ ಇದ್ದಾರೆಯೋ, ಇಲ್ಲವೋ?

ಕೇಳಿದವರು: ಧಾರವಾಡದಿಂದ ಶಿರಸಿಗೆ ಬಂದವನು

ನಾನು ಇಲ್ಲಿನ ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಕಳೆದ ವಾರ ವಾನಳ್ಳಿ ಕಡೆಯ ಒಬ್ಬ ಸದಸ್ಯರ ಸಹಿ ಬೇಕಿತ್ತು. ಫೋನ್ ಮಾಡಿ, "ಯಜಮಾನ್ರು ಮನೇಲಿ ಇದಾರಾ?" ಎಂದೆ. ಅವರ ತಾಯಿ ಇರಬೇಕು, "ಇಲ್ಲೆ, ತೋಟಕ್ಕೆ ಹೋಯ್ದ" ಎಂದರು. 'ಇಲ್ಲೇ' ಎಂದು ನನ್ನ ಕಿವಿಗೆ ಬಿತ್ತು. ಇಲ್ಲೇ ತೋಟದಲ್ಲಿದ್ದಾರೆ ಅಂದುಕೊಂಡು ಬೈಕ್ ಹತ್ತಿದೆ. ಮುಕ್ಕಾಲು ಗಂಟೆ ದಾರಿ. ಹೋಗಿ ನೋಡಿದರೆ, ತೋಟ ಗುಡ್ಡದ ಆಚೆ, ಅವರು ಬರುವುದು ಸಂಜೆಗೆ!

ನಮ್ಮ ಕಡೆ ಇದ್ದರೆ 'ಅದಾರ', ಇಲ್ಲದಿದ್ದರೆ 'ಇಲ್ರೀ'. ಗೊಂದಲವೇ ಇಲ್ಲ. ಈ 'ಇಲ್ಲೆ'ಯನ್ನು ಗುರುತಿಸುವುದು ಹೇಗೆ? ನಾನೂ ಹವ್ಯಕ ಮಾತು ಕಲಿಯಬೇಕಾ?

ಬೆಂಗಳೂರಿನಿಂದ ಒಬ್ಬರು

ಇದು ಸುಲಭ ಸಾರ್. ಕೊನೆಯ ಅಕ್ಷರ ಗಿಡ್ಡ ಇದ್ದರೆ 'ಇಲ್ಲ', ಎಳೆದರೆ 'ಇಲ್ಲಿಯೇ'. ಕಿವಿಗೊಟ್ಟು ಕೇಳಿ, ಅಷ್ಟೇ.

ಕಾರವಾರದಿಂದ ಒಬ್ಬರು

ನಮ್ಮಲ್ಲಿ ಇದಕ್ಕಿಂತ ಜಾಸ್ತಿ ಮಜಾ. ಮೀನು ಪೇಟೆಯಲ್ಲಿ "ಇಸ್ವಣ ಇದೆಯಾ?" ಎಂದು ಕೇಳಿದರೆ 'ನಾ' ಅನ್ನುತ್ತಾರೆ. ಹೊಸದಾಗಿ ಬಂದ ನಮ್ಮ ಭಾವ, 'ನಾನು' ಏನೋ ಹೇಳಲು ಹೊರಟಿದ್ದಾರೆ ಎಂದು ಕಾಯುತ್ತಾ ನಿಂತಿದ್ದರು. 'ನಾ' ಅಂದರೆ ಇಲ್ಲ.

ಶಿರಸಿಯಿಂದ, ಮನೆಮಾತು ಹವ್ಯಕ

ಕಾರವಾರದವರೇ, ನಿಮ್ಮದು ಕೊಂಕಣಿ. ಅದು ಬೇರೆ ಭಾಷೆಯೇ ಆಯಿತು. ಇವರು ಕೇಳಿದ್ದು ಕನ್ನಡದ ಒಳಗಿನ ತಕರಾರು.

ಬೆಂಗಳೂರಿನವರು ಹೇಳಿದ್ದು ಅರ್ಧ ಸರಿ. ಸಮಾಧಾನದಲ್ಲಿ ಮಾತಾಡುವಾಗ ಉದ್ದ-ಗಿಡ್ಡ ಗೊತ್ತಾಗುತ್ತದೆ. ಆದರೆ ಅಜ್ಜಿಯರು ಫೋನಿನಲ್ಲಿ 'ಇಲ್ಲೆ'ಯನ್ನೂ ರಾಗ ಮಾಡಿ ಎಳೆಯುತ್ತಾರೆ. ಅಲ್ಲಿ ಉದ್ದ ನಂಬಿದರೆ ಮತ್ತೆ ಬೈಕ್ ಹತ್ತಬೇಕಾದೀತು.

ನಂಬಬೇಕಾದ್ದು ಅಕ್ಕಪಕ್ಕದ ಮಾತನ್ನು. ನಾವು 'ಇಲ್ಲಿಯೇ' ಎಂಬ ಅರ್ಥದಲ್ಲಿ ಹೇಳುವಾಗ ಸಾಮಾನ್ಯವಾಗಿ ಹಿಂದೆಯೇ 'ಇದ್ದ' ಬರುತ್ತದೆ: "ಇಲ್ಲೇ ಇದ್ದ". 'ಇದ್ದ' ಕೇಳಿಸಲಿಲ್ಲವೆಂದರೆ ಅನುಮಾನಪಡಿ. ಕ್ರಿಯಾಪದಕ್ಕೆ ಅಂಟಿಕೊಂಡು ಬಂದರಂತೂ ಅದು 'ಇಲ್ಲ'ವೇ: ಗೊತ್ತಿಲ್ಲೆ, ಬೈಂದ್ನಿಲ್ಲೆ, ಅಂದರೆ ಗೊತ್ತಿಲ್ಲ, ಬಂದಿಲ್ಲ. ನಿಮಗೆ ಹೇಳಿದ "ಹೋಯ್ದ" ಅಂದರೆ 'ಹೋಗಿದ್ದಾನೆ'. ಅದೊಂದು ಶಬ್ದ ಗೊತ್ತಿದ್ದಿದ್ದರೆ ಪೆಟ್ರೋಲ್ ಉಳಿಯುತ್ತಿತ್ತು.

ಇನ್ನೊಂದು ಗುಂಡಿ ಮುಂದೆ ಇದೆ, ಈಗಲೇ ಹೇಳುತ್ತೇನೆ. ನಮ್ಮ 'ಇದ್ದ' ಹಳೆಯ ಕಾಲದ್ದಲ್ಲ. "ಅಂವ ಮನೇಲಿ ಇದ್ದ" ಅಂದರೆ ಅವನು ಈಗ ಮನೆಯಲ್ಲಿದ್ದಾನೆ. ವಸ್ತುವಾದರೆ 'ಇದ್ದು', ಅಂದರೆ ಇದೆ. ನಿನ್ನೆಯ ಮಾತಾದರೆ 'ಇದ್ದಿದ್ದ' ಎನ್ನುತ್ತೇವೆ. ನೀವು ಪುಸ್ತಕದ ಕನ್ನಡದ ಕಿವಿಯಲ್ಲಿ ಕೇಳಿದರೆ 'ಇದ್ದ, ಈಗಿಲ್ಲ' ಎಂದು ಫೋನ್ ಇಟ್ಟುಬಿಡುತ್ತೀರಿ.

ಕಲಿಯುವ ವಿಷಯಕ್ಕೆ ಬಂದರೆ, ನೀವು ನಿಮ್ಮ ಕನ್ನಡವನ್ನೇ ಆಡಿ. ಹೊರಗಿನವರು ಹವ್ಯಕದಲ್ಲಿ ಶುರು ಮಾಡಿದರೂ ನಾವು ಪುಸ್ತಕದ ಕನ್ನಡಕ್ಕೇ ಹೊರಳುತ್ತೇವೆ, ಅದೊಂದು ಅಭ್ಯಾಸ. ಅಲ್ಲದೆ ಜಿಲ್ಲೆಯಲ್ಲಿ ಎಲ್ಲರೂ ಹೀಗೆ ಮಾತಾಡುವುದಿಲ್ಲ. ಅಂಕೋಲಾ-ಕುಮಟಾ ಕಡೆಯ ಹಾಲಕ್ಕಿಗಳ ಕನ್ನಡವೇ ಬೇರೆ. ಆಡಲು ಒಂದು ಸಾಕು. ಕೇಳಲು ಮಾತ್ರ ಕಿವಿ ಪಳಗಬೇಕು. ಮೊದಲು ಇದ್ದ, ಇದ್ದು, ಇಲ್ಲೆ, ಹೋಯ್ದ, ಬೈಂದ, ಈ ಐದು ಹಿಡಿಯಿರಿ.

ಸಾಗರದಿಂದ ಒಬ್ಬರು

ಹೋಗಿದೆ, ಆಗಿದೆ ಎನ್ನಲು 'ಹೋಯ್ದು, ಆಯ್ದು' ನಿಮ್ಮ ಕಡೆ. ನಮ್ಮ ಮನೆಯಲ್ಲಿ 'ಹೋಜು, ಆಜು'. ಐದು ಹಿಡಿದವರು ಘಟ್ಟದ ಮೇಲೇ ಸ್ವಲ್ಪ ದಕ್ಷಿಣಕ್ಕೆ ಬಂದರೆ ಮತ್ತೆ ತಬ್ಬಿಬ್ಬು!

ಬೆಂಗಳೂರಿನಿಂದ, ಮತ್ತೆ

ಹಾಗಾದರೆ "ಎಲ್ಲಿದಾರೆ?" ಎಂದು ಕೇಳಿ, ಒಂದೇ ಶಬ್ದದಲ್ಲಿ 'ಇಲ್ಲೆ' ಎಂದರೆ? 'ಇದ್ದ' ಬರುವುದೇ ಇಲ್ಲವಲ್ಲ.

ಶಿರಸಿಯಿಂದ

ಅಲ್ಲಿ ನನಗೂ ತಪ್ಪುತ್ತದೆ, ಸುಳ್ಳು ಹೇಳುವುದಿಲ್ಲ. ಆದ್ದರಿಂದ ಆ ಪ್ರಶ್ನೆಯನ್ನೇ ಕೇಳಬೇಡಿ. "ಫೋನ್ ಅವರ ಕೈಗೆ ಕೊಡ್ತೀರಾ?" ಎನ್ನಿ. ಇದ್ದರೆ ಕೊಡುತ್ತಾರೆ.

ಧಾರವಾಡದವನು

ಇವತ್ತು ಹಾಗೇ ಕೇಳಿದೆ. ಅದೇ ಅಜ್ಜಿ. "ಇದ್ದ, ಇದ್ದ, ಕೊಡ್ತಿ" ಎಂದರು. 'ಇದ್ದ'ಕ್ಕೆ ಮೋಸ ಹೋಗಲಿಲ್ಲ. ಆದರೆ 'ಕೊಡ್ತಿ' ಕೇಳಿ, ನಾನು ಏನು ಕೊಡಬೇಕು ಎಂದು ಯೋಚಿಸುತ್ತಾ ಕುಳಿತೆ. ಅಷ್ಟರಲ್ಲಿ ಆ ಕಡೆಯಿಂದ ಯಜಮಾನರೇ "ಹಲೋ" ಎಂದರು. ಅಂದರೆ 'ಕೊಡ್ತೇನೆ' ಎನ್ನುವುದಕ್ಕೆ 'ಕೊಡ್ತಿ'ಯೇ? ಹಾಗಾದರೆ ನೀವು 'ನೀನು ಕೊಡುತ್ತೀ' ಎನ್ನಲು ಏನು ಹೇಳುತ್ತೀರಿ?