ತಮ್ಮನ ಸ್ಯಾಚುರೇಶನ್ 94: ಒಡಹುಟ್ಟಿದವರೂ ಜೀನ್ ಪರೀಕ್ಷೆ ಮಾಡಿಸಬೇಕೇ?

ತುಮಕೂರಿನ ಅಣ್ಣ: ತಮ್ಮನಿಗೆ 27 ವರ್ಷ. ಈಗಷ್ಟೇ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದೆ. ಸೀರಂ ಐರನ್ 205, ರಕ್ತ ಒಟ್ಟು ಹೊರಬಲ್ಲ ಕಬ್ಬಿಣದ ಅಳತೆಯಾದ ಟಿಐಬಿಸಿ 218, ಅದರಲ್ಲಿ ತುಂಬಿರುವ ಪಾಲು ಅಂದರೆ ಸ್ಯಾಚುರೇಶನ್ 94%, ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರುವ ಫೆರಿಟಿನ್ 3,100, ಹಿಮೋಗ್ಲೋಬಿನ್ 14.2. ಕುಡಿಯುವುದಿಲ್ಲ, ರಕ್ತ ಹಾಕಿಸಿಕೊಂಡವನೂ ಅಲ್ಲ. ಮೈಯಲ್ಲಿ ಕಬ್ಬಿಣ ತುಂಬುವ ಕಾಯಿಲೆಗೆ ನೋಡುವ ಜೀನ್ ದೋಷಗಳ ಪೈಕಿ ವರದಿಯಲ್ಲಿ ಸಿ282ವೈ ಇಲ್ಲ, ಎಚ್63ಡಿ ಒಂದು ಪ್ರತಿ ಇದೆ. ನಮ್ಮ ತಾಯಿ ತಮ್ಮ ಸೋದರಮಾವನನ್ನೇ ಮದುವೆಯಾದವರು. ತಮ್ಮನಿಗೂ ಹಿರಿಯಕ್ಕನ ಮಗಳೊಂದಿಗೆ ಮಾತಾಗಿದೆ. ನಾವು ಏನು ಪರೀಕ್ಷೆ ಮಾಡಿಸಬೇಕು?

ಡಬ್ಲಿನ್ ಕನ್ನಡಿಗ: ನಾನಿರುವ ಐರ್ಲೆಂಡಿನಲ್ಲಿ ಸುಮಾರು 83 ಜನರಲ್ಲಿ ಒಬ್ಬರಿಗೆ ಸಿ282ವೈ ಎರಡು ಪ್ರತಿ ಇರುತ್ತದೆ. ಇಲ್ಲಿ ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರಿಗೆಲ್ಲ ಜೀನ್ ಪರೀಕ್ಷೆ. ನಿಮಗೆ ಎಚ್63ಡಿ ಸಿಕ್ಕಿದೆ, ಕಾರಣ ಅದೇ. ಎಲ್ಲರೂ ಅದನ್ನೇ ಮಾಡಿಸಿ.

ರಕ್ತಪರೀಕ್ಷಕಿ: ಕಾರಣ ಅದಲ್ಲ. ಎಚ್63ಡಿ ಒಂದು ಪ್ರತಿ ನಮ್ಮಲ್ಲಿ ಎಷ್ಟೋ ಆರೋಗ್ಯವಂತರಲ್ಲಿದೆ. ಅದೊಂದರಿಂದ 94 ಬರುವುದಿಲ್ಲ. ಸಿ282ವೈ ಯುರೋಪಿನ ಮೂಲದ್ದು, ಭಾರತದಲ್ಲಿ ತೀರಾ ವಿರಳ. ಮೂವತ್ತರೊಳಗೆ ಇಷ್ಟು ಕಬ್ಬಿಣ ತುಂಬಿದ್ದರೆ ಎಚ್‌ಜೆವಿಯಂಥ ಬೇರೆ ಜೀನ್‌ಗಳನ್ನು ನೋಡಬೇಕು. ಆ ವಿಧದಲ್ಲಿ ಹೃದಯಕ್ಕೆ ಬೇಗ ಪೆಟ್ಟು ಬೀಳುತ್ತದೆ. ಆದ್ದರಿಂದ ಎಕೋ ಮತ್ತು ಕಬ್ಬಿಣ ಅಳೆಯುವ ಎಂಆರ್‌ಐ ಮೊದಲು ಆಗಲಿ. ರಕ್ತ ತೆಗೆಯುವ ಚಿಕಿತ್ಸೆಗೆ ಜೀನ್ ವರದಿಯನ್ನು ಕಾಯುತ್ತ ಕೂರಬೇಡಿ.

ಬಯಲುಸೀಮೆಯವ: ಸುಮ್ಮನೆ ಹೆದರಿಸಬೇಡಿ. ನನ್ನ ಫೆರಿಟಿನ್ 780 ಇತ್ತು. ಯಕೃತ್ತಿನಲ್ಲಿ ಕೊಬ್ಬು ಎಂದರು. ಒಂಬತ್ತು ಕಿಲೋ ಇಳಿಸಿದೆ, ಅದೂ ಇಳಿಯಿತು. ಯಾವ ಜೀನೂ ಬೇಕಾಗಲಿಲ್ಲ.

ರಕ್ತಪರೀಕ್ಷಕಿ: ನಿಮ್ಮ ಸ್ಯಾಚುರೇಶನ್ ಎಷ್ಟಿತ್ತು?

ಬಯಲುಸೀಮೆಯವ: 28. ಅದರಿಂದೇನು?

ರಕ್ತಪರೀಕ್ಷಕಿ: ಎಲ್ಲವೂ ಅದರಿಂದಲೇ. ಕೊಬ್ಬಿನ ಯಕೃತ್ತು, ಸೋಂಕು, ಉರಿಯೂತಗಳಲ್ಲಿ ಫೆರಿಟಿನ್ ಏರುತ್ತದೆ, ಸ್ಯಾಚುರೇಶನ್ ಹೆಚ್ಚಾಗಿ ಏರುವುದಿಲ್ಲ. ಈ ಹುಡುಗನಲ್ಲಿ ಕಬ್ಬಿಣ ಹೊರುವ ಗಾಡಿಯೇ ಭರ್ತಿಯಾಗಿದೆ. ಕಬ್ಬಿಣದ ಮಾತ್ರೆ ನುಂಗುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಅಳೆಯಿರಿ. ಯಕೃತ್ತು ತೀರಾ ಕೆಟ್ಟಿದ್ದರೂ ಟಿಐಬಿಸಿ ಕುಸಿದು ಈ ಸಂಖ್ಯೆ ಏರುತ್ತದೆ. ಇನ್ನೊಂದು ಮಾತು: ಅಕ್ಕನ ಮಗಳ ಮದುವೆ ಸದ್ಯಕ್ಕೆ ನಿಲ್ಲಲಿ.

ಹಳೇಮನೆ: ಕೊನೆಗೆ ಅಲ್ಲಿಗೇ ಬಂದಿರಿ! ನನ್ನ ತಂದೆ ತಾಯಿಯೂ ಮಾವ-ಸೊಸೆ. ನಾವು ನಾಲ್ವರೂ ಗಟ್ಟಿಯಾಗಿದ್ದೇವೆ. ತಲೆತಲಾಂತರದ ಸಂಬಂಧವನ್ನು ರೋಗ ಎನ್ನುವುದಕ್ಕೆ ನಿಮಗೆ ನಾಚಿಕೆಯಾಗಬೇಕು.

ರಕ್ತಪರೀಕ್ಷಕಿ: ಸಂಬಂಧವನ್ನು ರೋಗ ಎಂದು ನಾನು ಎಲ್ಲಿ ಬರೆದೆ? ಲೆಕ್ಕ ನೋಡಿ. ಎರಡು ಪ್ರತಿ ಕೂಡಿದಾಗ ಬರುವ ಕಾಯಿಲೆ ಇದು ಎಂದಿಟ್ಟುಕೊಳ್ಳಿ. ತಮ್ಮನ ಎರಡೂ ಪ್ರತಿ ಕೆಟ್ಟಿವೆ. ಅಕ್ಕ ಆರೋಗ್ಯವಾಗಿದ್ದರೆ ಅವರಲ್ಲಿ ಒಂದು ಕೆಟ್ಟ ಪ್ರತಿ ಇರುವ ಸಾಧ್ಯತೆ ಮೂರರಲ್ಲಿ ಎರಡು, ಅವರ ಮಗಳಲ್ಲಿ ಮೂರರಲ್ಲಿ ಒಂದು. ಆಕೆಯೊಂದಿಗೆ ಇವನ ಮದುವೆಯಾದರೆ ಪ್ರತಿ ಮಗುವಿಗೂ ಆರರಲ್ಲಿ ಒಂದು ಪಾಲು ಅಪಾಯ. ಹೊರಗಿನ ಹೆಣ್ಣಾದರೆ ಅದು ನಗಣ್ಯಕ್ಕೆ ಹತ್ತಿರ.

ಹಳೇಮನೆ: ಆರರಲ್ಲಿ ಐದು ಮಕ್ಕಳು ಚೆನ್ನಾಗಿರುತ್ತವೆ ಎಂದು ನೀವೇ ಒಪ್ಪಿದ ಹಾಗಾಯಿತು. ಮಾತು ಕೊಟ್ಟ ಮನೆಯಲ್ಲಿ ಆ ಹುಡುಗಿಯ ಗತಿಯೇನು, ಅದನ್ನು ಯಾವ ಲ್ಯಾಬ್ ಲೆಕ್ಕ ಹಾಕುತ್ತದೆ?

ಡಬ್ಲಿನ್ ಕನ್ನಡಿಗ: ‘ಎಂದಿಟ್ಟುಕೊಳ್ಳಿ’ ಎಂದಿದ್ದೀರಿ ಮೇಡಂ. ಜೀನ್ ಯಾವುದೆಂದು ನಿಮಗೇ ಗೊತ್ತಿಲ್ಲ. ನಾನಾದರೂ ವರದಿಯಲ್ಲಿ ಇದ್ದದ್ದನ್ನು ಹೇಳಿದೆ.

ರಕ್ತಪರೀಕ್ಷಕಿ: ಗೊತ್ತಿಲ್ಲದ್ದರಿಂದಲೇ ತಮ್ಮನಿಗೆ ಮೊದಲು ವಿಸ್ತೃತ ಜೀನ್ ಪ್ಯಾನೆಲ್ ಎನ್ನುತ್ತಿದ್ದೇನೆ. ಫೆರೋಪೋರ್ಟಿನ್ ಜೀನ್ ಆಗಿದ್ದರೆ ಒಂದೇ ಪ್ರತಿ ಸಾಕು, ಆಗ ನನ್ನ ಈ ಲೆಕ್ಕವೂ ಬದಲಾಗುತ್ತದೆ. ಅವನಲ್ಲಿ ದೋಷದ ಜಾಗ ಸಿಕ್ಕಿದರೆ ಉಳಿದವರಿಗೆ ಅದೊಂದನ್ನೇ ನೋಡಿದರೆ ಮುಗಿಯಿತು. ಸಿಗದಿದ್ದರೆ ನಿಮ್ಮ ಜೀನ್ ಪರೀಕ್ಷೆಗೆ ಅರ್ಥವೇ ಇಲ್ಲ. ಆದರೆ ಸ್ಯಾಚುರೇಶನ್ ಮತ್ತು ಫೆರಿಟಿನ್ ಅನ್ನು ನೀವೂ ಅಕ್ಕನೂ ಈ ವಾರವೇ ಮಾಡಿಸಿ. ಮುಟ್ಟು ಇರುವ ಹೆಂಗಸರಲ್ಲಿ ಕಬ್ಬಿಣ ತಿಂಗಳು ತಿಂಗಳು ಹೋಗುವುದರಿಂದ ಫೆರಿಟಿನ್ ಸರಿಯಾಗಿಯೇ ಕಾಣಬಹುದು. ಹಾಗಾಗಿ ಅಕ್ಕನ ವರದಿಯಲ್ಲಿ ಸ್ಯಾಚುರೇಶನ್ 45 ದಾಟಿದೆಯೇ ನೋಡಿ.

ಬಯಲುಸೀಮೆಯವ: ರಕ್ತ ತೆಗೆಯಿರಿ ಎಂದಿರಲ್ಲ, ಸಕ್ಕರೆ ಕಾಯಿಲೆಯವನು ತಡೆಯುತ್ತಾನೆಯೇ?

ರಕ್ತಪರೀಕ್ಷಕಿ: ಹಿಮೋಗ್ಲೋಬಿನ್ 14.2 ಇದೆ, ಹೃದಯ ಚೆನ್ನಾಗಿದ್ದರೆ ತಡೆಯುತ್ತಾನೆ. ಒಂದು ಸಲಕ್ಕೆ 450 ಮಿಲಿಲೀಟರ್ ತೆಗೆದರೆ ಹೋಗುವುದು 200ರಿಂದ 250 ಮಿಲಿಗ್ರಾಂ ಕಬ್ಬಿಣ. ವಾರಕ್ಕೊಮ್ಮೆ, ತಿಂಗಳುಗಟ್ಟಲೆ. ಹೃದಯ ಸೋತಿದ್ದರೆ ಕಬ್ಬಿಣ ಹೊರಹಾಕುವ ಔಷಧಿಯ ದಾರಿ ಬೇರೆ ಇದೆ.

ತುಮಕೂರಿನ ಅಣ್ಣ: ಎಕೋ ನಾಳೆಗೆ ಸಿಕ್ಕಿದೆ. ನನ್ನ ರಕ್ತ ಇವತ್ತೇ ಕೊಟ್ಟು ಬಂದೆ. ಅಕ್ಕ ಮಾತ್ರ ಒಪ್ಪುತ್ತಿಲ್ಲ. ‘ನನ್ನ ಮಗಳ ಮದುವೆ ಮುರಿಯುವುದಕ್ಕೆ ನನ್ನ ರಕ್ತವೇ ಬೇಕೇ’ ಎಂದು ಫೋನ್ ಇಟ್ಟರು.

ಹಳೇಮನೆ: ಆ ತಾಯಿ ಕೇಳಿದ್ದರಲ್ಲಿ ತಪ್ಪೇನಿದೆ?