‘ಎರವಲು’, ‘ನಕಲು’: ಲಿಕ್ಟೆನ್‌ಸ್ಟೈನ್ ಚಿತ್ರಕ್ಕೆ ಯಾವ ಪದ ಹೊಂದುತ್ತದೆ?

ಮಾನ್ಯರೇ,

ಜಾಹೀರಾತು, ಕಾಮಿಕ್ಸ್‌ನಂಥ ಜನಪ್ರಿಯ ಚಿತ್ರಗಳನ್ನೇ ವಸ್ತುವಾಗಿಸಿಕೊಂಡ ಪಾಪ್ ಕಲೆಯ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ರಾಯ್ ಲಿಕ್ಟೆನ್‌ಸ್ಟೈನ್ 1963ರಲ್ಲಿ ಬರೆದ ‘ಮುಳುಗುತ್ತಿರುವ ಹುಡುಗಿ’ ಚಿತ್ರಕ್ಕೆ ಮೂಲ, ಅದರ ಹಿಂದಿನ ವರ್ಷ ಅಚ್ಚಾದ ಪ್ರೇಮಕಥೆಯ ಕಾಮಿಕ್ಸ್‌ನಲ್ಲಿ ಟೋನಿ ಅಬ್ರುಝೊ ಬರೆದ ಒಂದು ಚೌಕಟ್ಟು. ಅಲ್ಲಿ ಹುಡುಗಿಯ ಹಿಂದೆ, ಮಗುಚಿದ ದೋಣಿಗೆ ಜೋತುಬಿದ್ದ ಪ್ರಿಯಕರನಿದ್ದಾನೆ. ಲಿಕ್ಟೆನ್‌ಸ್ಟೈನ್ ಅವನನ್ನೂ ದೋಣಿಯನ್ನೂ ಕೈಬಿಟ್ಟು, ಅಲೆಗಳು ಮುಖವನ್ನೇ ಸುತ್ತುವರಿಯುವಂತೆ ಮಾಡಿದ್ದಾರೆ. ಅವಳ ಮಾತಿನಿಂದ ಸ್ನಾಯುಸೆಳೆತದ ಪ್ರಸ್ತಾಪವನ್ನು ತೆಗೆದು, ಮ್ಯಾಲ್ ಎಂಬ ಹೆಸರನ್ನು ಬ್ರ್ಯಾಡ್ ಎಂದು ಬದಲಿಸಿದ್ದಾರೆ. ‘ಎರವಲು’ ಎಂದರೆ ಹಿಂದಿರುಗಿಸುವ ಮಾತು ಬರುತ್ತದೆ. ‘ನಕಲು’ ಎಂದರೆ ಈ ಬದಲಾವಣೆಗಳಿಗೆ ಜಾಗವೇ ಉಳಿಯುವುದಿಲ್ಲ. ಯಾವುದನ್ನು ಬಳಸಲಿ?

ಉತ್ತರ 1: ‘ನಕಲು’ ಎಂದೇ ಬರೆಯಿರಿ. ಪಾಪ್ ಕಲಾವಿದರೆಲ್ಲರೂ ಪರದೆಯ ಮೂಲಕ ಬಣ್ಣ ಒತ್ತುವ ಸಿಲ್ಕ್‌ಸ್ಕ್ರೀನ್‌ನಲ್ಲಿ ಅಚ್ಚು ಹಾಕಿದವರು, ಈ ಚಿತ್ರದ ಮೈಬಣ್ಣದ ಚುಕ್ಕೆಗಳೂ ಹಾಗೆಯೇ ಬಂದವು. ಮೂಲ ಬರೆದವರಿಗೆ ಅದರಿಂದ ಹಣವೂ ಸಿಗಲಿಲ್ಲ, ಹೆಸರೂ ಸಿಗಲಿಲ್ಲ.

ಉತ್ತರ 2: ನನ್ನ ತಂದೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದರು. ನಟನ ಫೋಟೋದ ಮೇಲೆ ಚೌಕಗಳನ್ನು ಎಳೆದು, ಅದನ್ನೇ ಬಟ್ಟೆಯ ಮೇಲೆ ಹಿಗ್ಗಿಸುತ್ತಿದ್ದರು. ಅದನ್ನು ಯಾರೂ ನಕಲು ಎಂದು ಕರೆಯಲಿಲ್ಲ.

ಉತ್ತರ 3: ಸಿಲ್ಕ್‌ಸ್ಕ್ರೀನ್ 1962ರಿಂದ ಮತ್ತೊಬ್ಬ ಪಾಪ್ ಕಲಾವಿದ ವಾರ್ಹೋಲ್ ಹಿಡಿದ ದಾರಿ. ಲಿಕ್ಟೆನ್‌ಸ್ಟೈನ್ ಮೊದಲು ಚೌಕಟ್ಟನ್ನು ಕೈಯಲ್ಲಿ ಬರೆದುಕೊಂಡು, ಪ್ರೊಜೆಕ್ಟರ್‌ನಿಂದ ಕ್ಯಾನ್ವಾಸಿನ ಮೇಲೆ ಬೀಳಿಸಿ ಪೆನ್ಸಿಲಿನಿಂದ ತಿದ್ದಿ, ಚುಕ್ಕೆಗಳನ್ನು ತೂತಿನ ಹಾಳೆಯ ಮೂಲಕ ಬಣ್ಣದಿಂದ ತುಂಬುತ್ತಿದ್ದರು. ಬ್ಯಾನರ್ ಮಾತು ಬಂದದ್ದು ಒಳ್ಳೆಯದಾಯಿತು: ಪಾಪ್ ಕಲಾವಿದ ರೋಸೆನ್‌ಕ್ವಿಸ್ಟ್ ನ್ಯೂಯಾರ್ಕಿನಲ್ಲಿ ಜಾಹೀರಾತು ಫಲಕಗಳನ್ನೇ ಬರೆಯುತ್ತಿದ್ದವರು, ವಾರ್ಹೋಲ್ ಬೂಟುಗಳ ಜಾಹೀರಾತಿಗೆ ಚಿತ್ರ ಬರೆದವರು. ಆ ಚಿತ್ರಭಾಷೆ ಅವರ ಕೈಗೆ ಹತ್ತಿದ್ದೇ ಆಗಿತ್ತು.

ಆದರೆ ಅಚ್ಚಿನ ಚಿತ್ರಗಳನ್ನು ಅವರು ಎತ್ತಿಕೊಂಡದ್ದಕ್ಕೆ ಮುಖ್ಯ ಕಾರಣ ಬೇರೆ ಎಂದು ನನ್ನ ಅಭಿಪ್ರಾಯ. 1950ರ ದಶಕದ ನ್ಯೂಯಾರ್ಕಿನಲ್ಲಿ ಅಮೂರ್ತ ಚಿತ್ರಕಾರರ ಕುಂಚದ ಬೀಸು ಅವರ ಅಂತರಂಗದ ಗುರುತೆಂದು ಮನ್ನಣೆ ಪಡೆದಿತ್ತು. ಲಿಕ್ಟೆನ್‌ಸ್ಟೈನ್ ಕೂಡ ಆ ಬಗೆಯ ಚಿತ್ರಗಳನ್ನು ಬರೆದಿದ್ದರು. ಅಂಥ ಗುರುತೇ ಕಾಣದ ಚಿತ್ರ ಅಗ್ಗದ ಅಚ್ಚಿನಲ್ಲಿತ್ತು. ಬಿಳಿ ಕಾಗದದ ಮೇಲೆ ಕೆಂಪು ಚುಕ್ಕೆ ಇಟ್ಟರೆ ಓದುಗನ ಕಣ್ಣಿಗೆ ಅದು ಮೈಬಣ್ಣ. ಅಂಗೈಯಗಲದ ಚೌಕಟ್ಟಿನಲ್ಲಿ ಆ ಚುಕ್ಕೆ ಗಮನಕ್ಕೆ ಬಾರದು. ಸುಮಾರು 170 ಸೆಂ.ಮೀ. ಅಗಲದ ಕ್ಯಾನ್ವಾಸಿನಲ್ಲಿ ಮುಖದೊಂದಿಗೆ ಅಚ್ಚಿನ ರೀತಿಯೂ ಎದ್ದು ಕಾಣುತ್ತದೆ. ಅಲೆಗಳಿಗೆ ಜಪಾನಿನ ಚಿತ್ರಕಾರ ಹೊಕುಸಾಯ್‌ನ ಅಲೆಯ ಚಿತ್ರ ಪ್ರೇರಣೆ ಎಂದು ಅವರೇ ಹೇಳಿದ್ದಾರೆ. ಹೀಗಾಗಿ ‘ಎತ್ತಿಕೊಂಡು ಮಾರ್ಪಡಿಸಿದ’ ಎಂದು ಬರೆಯಬಹುದು.

ಪ್ರಶ್ನೆ ಕೇಳಿದವರಿಂದ: ‘ಎತ್ತಿಕೊಂಡು’ ಒಪ್ಪಿಗೆಯಾಯಿತು, ಅದರಲ್ಲಿ ಕದ್ದ ಸೂಚನೆಯೂ ಸ್ವಲ್ಪ ಇದೆ, ಮೊದಲ ಉತ್ತರದವರ ಆಕ್ಷೇಪ ಅಷ್ಟರಿಂದ ತೀರುವುದಿಲ್ಲ ಎಂಬುದನ್ನೂ ಬಲ್ಲೆ. ಚಿತ್ರದ ಅಡಿಬರಹದಲ್ಲಿ ಅಬ್ರುಝೊ ಹೆಸರನ್ನು ಸೇರಿಸುತ್ತೇನೆ.