ಸಬ್‌ಟೈಟಲ್ ಪಟ್ಟಿ ಕತ್ತರಿಸಿದರೆ ಹಕ್ಕಿಯ ಬಾಲವೂ ಹೋಗುತ್ತಿದೆ, ಏನು ಮಾಡಲಿ?

ಮಳೆಹನಿ
ಎರಡು ದಿನದಿಂದ ಇದರ ಹಿಂದೆ ಬಿದ್ದು ಸಾಕಾಗಿದೆ. ಮೀಂಚುಳ್ಳಿಯ ವಿಡಿಯೋದಿಂದ ಒಂದು ಸ್ಕ್ರೀನ್‌ಶಾಟ್ ತೆಗೆದಿದ್ದೇನೆ. ಕೆಳಗೆ ಎರಡು ಸಾಲಿನ ಸಬ್‌ಟೈಟಲ್ ಇದೆ, ಅದರ ಹಿಂದೆ ಕಪ್ಪು ಪಟ್ಟಿ. ಪಟ್ಟಿ ಮಾತ್ರ ಕತ್ತರಿಸಬೇಕು. ಆದರೆ ಕತ್ತರಿಸಿದರೆ ಎಡಗಡೆ ಬಾಲದ ತುದಿಯೂ ಹೋಗುತ್ತದೆ, ಬಲಗಡೆ ಕೊಂಬೆಯೂ ಹೋಗುತ್ತದೆ. ಕೆಳಗಿನದು ತೆಗೆದರೆ ಪಕ್ಕದ್ದು ಯಾಕೆ ಹೋಗಬೇಕು? ಕಾಲು ಭಾಗ ಚಿತ್ರವೇ ಇಲ್ಲ ಅನ್ನಿಸುತ್ತದೆ. ದಯವಿಟ್ಟು ಯಾರಾದರೂ ಹೇಳಿ.

ಹಳೇ ಕ್ಯಾಮೆರಾ
ಇದು ಜೆಪಿಜಿ ಸಮಸ್ಯೆ. ಪ್ರತಿ ಸಲ ಸೇವ್ ಮಾಡಿದಾಗಲೂ ಚಿತ್ರ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ. ಗುಣಮಟ್ಟ 100ಕ್ಕೆ ಇಟ್ಟು ಸೇವ್ ಮಾಡಿ ನೋಡಿ.

ಮಳೆಹನಿ
100ಕ್ಕೆ ಇಡಲು ಅಂಥ ಆಯ್ಕೆಯೇ ಕಾಣಲಿಲ್ಲ ಸರ್. ಬಾಲ ಇನ್ನೂ ಇಲ್ಲ.

ಹಳೇ ಕ್ಯಾಮೆರಾ
ಹಾಗಾದರೆ ನಿಮ್ಮ ಆಪ್ ಒಳಗೊಳಗೇ ಕಡಿಮೆ ಗುಣಮಟ್ಟದಲ್ಲಿ ಸೇವ್ ಮಾಡುತ್ತಿದೆ. ಬೇರೆ ಆಪ್ ಹಾಕಿಕೊಳ್ಳಿ. ಫೈಲ್ ಎಷ್ಟು ಕೆಬಿ ಇದೆ, ಮೊದಲೆಷ್ಟು, ಆಮೇಲೆಷ್ಟು ಅಂತ ಹೇಳಿ.

ಬೆಳ್ಳಿತೆರೆ
ನಾನು ದಿನಾ ಕತ್ತರಿಸುತ್ತೇನೆ, ನನಗೆ ಚಿತ್ರ ಒಂದಿಷ್ಟೂ ಹೋಗುವುದಿಲ್ಲ. ಸಿನಿಮಾ 2.39 ಅಗಲದ್ದು. 1920 ಅಗಲದ ತೆರೆಯಲ್ಲಿ ಚಿತ್ರದ ಎತ್ತರ ಸುಮಾರು 803 ಮಾತ್ರ. ಮೇಲೆ 138, ಕೆಳಗೆ 138 ಸುಮ್ನೆ ಕಪ್ಪು. ಸಬ್‌ಟೈಟಲ್ ಆ ಕಪ್ಪಿನಲ್ಲೇ ಕೂರುತ್ತದೆ, ಕತ್ತರಿಸಿದರೆ ಕಪ್ಪೇ ಹೋಗುತ್ತದೆ. 27 ಇಂಚಿನ ಎರಡು ಮಾನಿಟರ್ ಪಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಸಿನಿಮಾ, ಇನ್ನೊಂದರಲ್ಲಿ ಎಡಿಟರ್. ಬಹಳ ಆರಾಮ.

ಗೂಡುದೀಪ
ಬೆಳ್ಳಿತೆರೆ ಅವರೇ, ನಿಮ್ಮದು ಅದೃಷ್ಟದ ಕೇಸು. ಇವರ ವಿಡಿಯೋ ತೆರೆ ತುಂಬಾ ಇರುವಂಥದ್ದು, ಪಟ್ಟಿ ಚಿತ್ರದ ಮೇಲೇ ಕೂತಿದೆ. ಮಳೆಹನಿ, ಮೂರು ವಿಷಯ ಹೇಳಿ. ಮೂಲ ಚಿತ್ರದ ಅಳತೆ ಎಷ್ಟು? ಕತ್ತರಿಸಿದ ಮೇಲೆ ಎಷ್ಟು? ಪಟ್ಟಿ ಎಲ್ಲಿ ಶುರುವಾಗುತ್ತದೆ? ಎಡಿಟರ್‌ನಲ್ಲಿ ಪಟ್ಟಿಯ ಮೇಲಂಚಿಗೆ ಮೌಸ್ ಇಟ್ಟರೆ ಮೂಲೆಯಲ್ಲಿ ಅಂಕಿ ಕಾಣುತ್ತದೆ.

ಮಳೆಹನಿ
ಮೂಲ 1920×1080, ಪಿಎನ್‌ಜಿ. ಪಟ್ಟಿಯ ಮೇಲಂಚು 930ರಲ್ಲಿ. ಕತ್ತರಿಸಿದ ಮೇಲೆ 1653×930. ಕೆಬಿ ನೋಡಲಿಲ್ಲ.

ಗೂಡುದೀಪ
ಸಿಕ್ಕಿತು. 1653ನ್ನು 930ರಿಂದ ಭಾಗಿಸಿ. 1.78 ಬರುತ್ತದೆ, ಅಂದರೆ 16:9. ನಿಮ್ಮ ಎಡಿಟರ್‌ನಲ್ಲಿ ಅನುಪಾತ ಲಾಕ್ ಆಗಿದೆ. ಕೆಳಗಿನಿಂದ ಅಂಚು ಎಳೆದಷ್ಟೂ ಅದು ಪಕ್ಕಗಳನ್ನೂ ಒಳಗೆ ತಂದುಕೊಳ್ಳುತ್ತದೆ.

ನಷ್ಟದ ಲೆಕ್ಕ ನೋಡಿ. ಕೆಳಗಿನ 150 ಸಾಲು ಮಾತ್ರ ಹೋದರೆ 1080ರಲ್ಲಿ 150, ಸುಮಾರು ಶೇ. 14. ಆದರೆ ಲಾಕ್ ಇದ್ದಾಗ ಅಗಲದಲ್ಲೂ 267 ಪಿಕ್ಸೆಲ್ ಹೋಗುತ್ತದೆ, ಎರಡೂ ಪಕ್ಕ ಹಂಚಿಕೊಂಡರೆ ಸುಮಾರು 133. ಒಟ್ಟು ನಷ್ಟ ಶೇ. 26. ಕಾಲು ಭಾಗ ಹೋಯಿತು ಅಂದಿರಲ್ಲ, ಸರಿಯಾಗೇ ಅಂದಾಜು ಮಾಡಿದ್ದೀರಿ. ಕ್ರಾಪ್ ಮೆನುವಿನಲ್ಲಿ ಬೀಗದ ಚಿಹ್ನೆ ಇದ್ದರೆ ಬಿಡಿಸಿ, ಇಲ್ಲವೇ ಅನುಪಾತವನ್ನು ‘ಫ್ರೀ’ಗೆ ಬದಲಿಸಿ.

ಹಳೇ ಕ್ಯಾಮೆರಾ
ಅದು ಇರಬಹುದು. ಆದರೂ ಜೆಪಿಜಿ ಸೇವ್‌ನಿಂದ ನಷ್ಟ ಆಗುವುದು ಸುಳ್ಳಲ್ಲ. ಅದನ್ನು ಯಾರೂ ಹೇಳುತ್ತಿಲ್ಲ.

ಗೂಡುದೀಪ
ಸುಳ್ಳು ಅನ್ನುತ್ತಿಲ್ಲ ಸರ್. ಆದರೆ ಅದರಿಂದ ಚಿತ್ರ ಮಸುಕಾಗುತ್ತದೆ, ಬಾಲ ಮಾಯವಾಗುವುದಿಲ್ಲ. ಇವರದ್ದು ಪಿಎನ್‌ಜಿ ಬೇರೆ, ಮತ್ತೆ ಸೇವ್ ಮಾಡಿದರೂ ಏನೂ ಕೆಡುವುದಿಲ್ಲ. ಜೆಪಿಜಿ ಇದ್ದವರಿಗೂ ದಾರಿ ಇದೆ. ಕೆಳಗಿನಿಂದ ಮಾತ್ರ ಕತ್ತರಿಸುವುದಾದರೆ `jpegtran` ಉಳಿದ ಭಾಗವನ್ನು ಮುಟ್ಟುವುದೇ ಇಲ್ಲ. ಬ್ಲಾಕ್‌ಗೆ ಸರಿಯಾಗಿ ಕೂರಬೇಕಾದ್ದು ಮೇಲಿನ ಎಡ ಮೂಲೆ. ಅದನ್ನು ನಾವು ಇಲ್ಲಿ ಅಲುಗಿಸುವುದಿಲ್ಲ.

```
jpegtran -copy none -crop 1920x930+0+0 -outfile out.jpg in.jpg
```

ಹಳೇ ಕ್ಯಾಮೆರಾ
ಇದು ನನಗೆ ಗೊತ್ತಿರಲಿಲ್ಲ. ಆದರೆ ಪಿಎನ್‌ಜಿ ಎಲ್ಲಾ ಇಟ್ಟುಕೊಂಡರೆ ಡಿಸ್ಕ್ ತುಂಬಿ ಹೋಗುತ್ತದೆ, ಅದಕ್ಕೇನು ಹೇಳುತ್ತೀರಿ?

ಬೆಳ್ಳಿತೆರೆ
ಡಿಸ್ಕ್ ವಿಷಯ ಬೇರೆ ಚರ್ಚೆ ತೆರೆಯಿರಿ ಸರ್, ಪಾಪ ಮಳೆಹನಿ ಕಾಯುತ್ತಿದ್ದಾರೆ.

ಮಳೆಹನಿ
ಬೀಗ ಬಿಡಿಸಿದೆ. 1920×930 ಬಂತು, ಬಾಲ ಪೂರ್ತಿ ಇದೆ! ತುಂಬಾ ಥ್ಯಾಂಕ್ಸ್. ಆದರೆ ಇನ್ನೊಂದು ತೊಂದರೆ ಮೊದಲೇ ಹೇಳಬೇಕಿತ್ತು. ಹಕ್ಕಿಯ ಉಗುರು ಪಟ್ಟಿಯೊಳಗೆ ಇದೆ. ಪಟ್ಟಿ ಪೂರ್ತಿ ಕಪ್ಪಲ್ಲ, ಅರೆಪಾರದರ್ಶಕ. ಅದರ ಹಿಂದೆ ಉಗುರು, ಕೊಂಬೆಯ ತೊಗಟೆ ಮಂಕಾಗಿ ಕಾಣುತ್ತವೆ. 930ಕ್ಕೆ ಕತ್ತರಿಸಿದರೆ ಕಾಲು ಮೊಂಡಾಗುತ್ತದೆ.

ಗೂಡುದೀಪ
ಕತ್ತರಿಸುವ ಮೊದಲೇ ಒಂದು ವಿಷಯ ನೋಡಿ. ಪ್ಲೇಯರ್‌ನಲ್ಲಿ ಸಬ್‌ಟೈಟಲ್ ಆಫ್ ಆಗುತ್ತದೆಯಾ? ವಿಎಲ್‌ಸಿಯಲ್ಲಿ `V` ಒತ್ತಿ. ಎಂಪಿವಿಯಾದರೆ ದೊಡ್ಡಕ್ಷರದ `S` ಒತ್ತಿದರೆ ಸಬ್‌ಟೈಟಲ್ ಇಲ್ಲದೆಯೇ ಚಿತ್ರ ತೆಗೆಯುತ್ತದೆ. ಹಾಗಾದರೆ ಒಂದು ಸಾಲೂ ಕತ್ತರಿಸಬೇಕಿಲ್ಲ.

ಮಳೆಹನಿ
ನನ್ನದು ಎಂಪಿವಿ. `S` ಒತ್ತಿದೆ, ಪಟ್ಟಿ ಹಾಗೇ ಬಂತು. ವಿಡಿಯೋದಲ್ಲೇ ಸುಟ್ಟು ಹಾಕಿದ್ದಾರೆ.

ಗೂಡುದೀಪ
ಹಾಗಿದ್ದರೆ ಎರಡು ದಾರಿ. ಮೊದಲನೆಯದು, ಶಾಟ್ ಬದಲಾದ ತಕ್ಷಣದ ಫ್ರೇಮ್‌ಗಳನ್ನು ನೋಡುವುದು. ಪಟ್ಟಿ ಸಾಮಾನ್ಯವಾಗಿ ಮಾತಿನ ಜೊತೆ ಬರುತ್ತದೆ, ಶಾಟ್ ಅದಕ್ಕಿಂತ ಸ್ವಲ್ಪ ಮೊದಲೇ ಶುರುವಾಗಿರುತ್ತದೆ. `,` ಒತ್ತಿ ಒಂದೊಂದೇ ಫ್ರೇಮ್ ಹಿಂದಕ್ಕೆ ಹೋಗಿ.

ಎರಡನೆಯದು, ಅಕ್ಷರದ ಮೇಲಂಚು ಎಲ್ಲಿದೆ ನೋಡುವುದು. ಕತ್ತರಿಸಬೇಕಾದ್ದು ಪಟ್ಟಿಯ ಅಂಚಿಗಲ್ಲ, ಅಕ್ಷರದ ಅಂಚಿಗೆ. ಅಕ್ಷರಕ್ಕೆ ನೆರಳೋ ಗೆರೆಯೋ ಇರುತ್ತದೆ. 400% ಹಿಗ್ಗಿಸಿದರೆ ಅದರ ಬೂದು ಅಂಚು ಕಾಣುತ್ತದೆ. ಅದಕ್ಕೂ ನಾಲ್ಕೈದು ಸಾಲು ಮೇಲೆ ನಿಲ್ಲಿಸಿ.

ಮಳೆಹನಿ
ಅಕ್ಷರದ ನೆರಳು 957ರಲ್ಲಿ ಶುರು. ಉಗುರು 944ಕ್ಕೆ ಮುಗಿಯುತ್ತದೆ!

ಗೂಡುದೀಪ
ಜಾಗ ಸಿಕ್ಕಿತು. 950ಕ್ಕೆ ಕತ್ತರಿಸಿ, ನಷ್ಟ ಶೇ. 12 ಮಾತ್ರ. 930ರಿಂದ 950ರವರೆಗಿನ ಮಂಕು ಪಟ್ಟಿ ಮಾತ್ರ ಆಯ್ಕೆ ಮಾಡಿ ಬೆಳಕು ಏರಿಸಿ. ಕಪ್ಪು ಅರ್ಧದಷ್ಟು ಬೆರೆತಿದ್ದರೆ ಮೌಲ್ಯಗಳೂ ಅರ್ಧಕ್ಕೆ ಇಳಿದಿರುತ್ತವೆ, ದುಪ್ಪಟ್ಟು ಮಾಡಿದರೆ ಹೆಚ್ಚುಕಡಿಮೆ ಮೂಲಕ್ಕೆ ಬರುತ್ತದೆ. ಆದರೆ ಕತ್ತಲಿನ ಜಾಗದಲ್ಲಿ ನಯ ಹೋಗಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅಲ್ಲಿ ಉಳಿದ ಬಣ್ಣದ ಹಂತಗಳೇ ಅರ್ಧ.

```
magick in.png -crop 1920x950+0+0 +repage out.png
```

`+repage` ಬಿಡಬೇಡಿ. ಬಿಟ್ಟರೆ ಫೈಲ್ ಒಳಗೆ ಹಳೆಯ 1080ರ ಅಳತೆ ಉಳಿದುಕೊಳ್ಳಬಹುದು. ಕೆಲವು ಪ್ರೋಗ್ರಾಮ್‌ಗಳು ಅದನ್ನು ನೋಡಿ ಕೆಳಗೆ ಖಾಲಿ ಜಾಗ ತೋರಿಸುತ್ತವೆ.

ಬೆಳ್ಳಿತೆರೆ
ವಾಲ್‌ಪೇಪರ್‌ಗಾ ಇದು? ಹಾಗಾದರೆ 16:9 ಬೇಕೇ ಬೇಕು. ಪಕ್ಕ ಕತ್ತರಿಸದಿದ್ದರೆ ಮೇಲೆ ಕೆಳಗೆ ಕಪ್ಪು ಬರುತ್ತದೆ.

ಮಳೆಹನಿ
ಹೌದು, ವಾಲ್‌ಪೇಪರ್‌ಗೆ. ಮೇಲೆ ಕೆಳಗೆ 65ರಷ್ಟು ಕಪ್ಪು ಬರಲಿ ಬಿಡಿ, ಬಾಲಕ್ಕಿಂತ ಅದೇ ವಾಸಿ. ಹಿಂದಕ್ಕೂ ಹೋಗಿ ನೋಡಿದೆ. ಪಟ್ಟಿ ಬರುವ ಮೊದಲು 9 ಫ್ರೇಮ್ ಖಾಲಿ ಇವೆ, ಪೂರ್ತಿ 1080 ಸಿಗುತ್ತದೆ! ಆದರೆ ಅವುಗಳಲ್ಲಿ ಹಕ್ಕಿ ಮುಖ ಆಚೆ ತಿರುಗಿಸಿದೆ, ಕೊಕ್ಕು ಕಾಣುವುದಿಲ್ಲ. ಅದಕ್ಕೇ 950ರದ್ದೇ ಇಟ್ಟುಕೊಂಡೆ. ತೊಗಟೆಯ ಮೇಲೆ ಬೆಳಕು ಏರಿಸಿದ್ದು ಗೊತ್ತೇ ಆಗುವುದಿಲ್ಲ. ಬಲಗಡೆ ನೀರಿನ ಮೇಲೆ ಮಾತ್ರ 930ರಲ್ಲಿ ಒಂದು ತೆಳು ಗೆರೆ ಉಳಿದಿದೆ. ಎಷ್ಟು ಏರಿಸಿದರೂ ಹೋಗುತ್ತಿಲ್ಲ.

ಗೂಡುದೀಪ
ಪಟ್ಟಿಯ ಅಂಚು ಒಂದೇ ಸಾಲಿಗೆ ಮುಗಿಯುವುದಿಲ್ಲ, ವಿಡಿಯೋ ಕಂಪ್ರೆಷನ್‌ನಲ್ಲಿ ಅಕ್ಕಪಕ್ಕದ ಸಾಲಿಗೂ ಹರಡಿರುತ್ತದೆ. 928ರಿಂದ 932ರವರೆಗೆ 800% ಹಿಗ್ಗಿಸಿ ಒಂದು ತುಣುಕು ಹಾಕಿ, ನೋಡುತ್ತೇನೆ.

ಹಳೇ ಕ್ಯಾಮೆರಾ
ತುಣುಕನ್ನು ಜೆಪಿಜಿಯಲ್ಲಿ ಹಾಕಬೇಡಿ.